"ಯಾರಿಗೂ ಹೇಳ್ಬೇಡಿ ಅಣ್ಣ" ಅಂದ್ರೆ ಏನು ಮಾಡೋಣ?

ನಮ್ಮಲ್ಲಿ ಕೆಲವರು ಭಾನುವಾರ ಶಾಲಾ ಮಕ್ಕಳಿಗೆ ಕಬಡ್ಡಿ, ಬ್ಯಾಡ್ಮಿಂಟನ್ ಹೇಳಿಕೊಡೋಕೆ ಹೋಗ್ತೀವಿ. ಮಕ್ಕಳು ನಮ್ಮನ್ನ ಅಣ್ಣ, ಅಕ್ಕ ಅಂತಾರೆ. ಹಾಗಾಗಿ ಮನೇಲಿ ಹೇಳದ ಮಾತೂ ನಮ್ಮ ಕಿವಿಗೆ ಬೀಳುತ್ತೆ. ಬಿದ್ದ ಮೇಲೆ ಏನು ಮಾಡ್ಬೇಕು ಅನ್ನೋದು ನಮಗೆ ಮೊದಲೇ ಗೊತ್ತಿರಬೇಕು.

2015ರ ಜೂನ್‌ನಲ್ಲಿ ಅಮೆರಿಕದ ಜಿಮ್ನಾಸ್ಟಿಕ್ಸ್ ಕ್ಯಾಂಪೊಂದರಲ್ಲಿ ಹುಡುಗಿಯರು ತಂಡದ ಡಾಕ್ಟರ್ ಲ್ಯಾರಿ ನಾಸರ್‌ನ 'ಚಿಕಿತ್ಸೆ' ಬಗ್ಗೆ ಮಾತಾಡಿಕೊಂಡಿದ್ದು ಕೋಚ್ ಸಾರಾ ಜಾಂಟ್ಸಿಗೆ ಕೇಳಿಸಿತು. ಅವರು ಸುಮ್ಮನಿರಲಿಲ್ಲ, ಕ್ರೀಡಾ ಒಕ್ಕೂಟಕ್ಕೆ ತಿಳಿಸಿದರು. ಆದರೆ ಒಕ್ಕೂಟ ತಾನೇ ವಿಚಾರಣೆಗೆ ಕೂತು, ಎಫ್‌ಬಿಐಗೆ ಹೇಳೋಕೆ ಸುಮಾರು ಐದು ವಾರ ತೆಗೆದುಕೊಂಡಿತು. ಎಫ್‌ಬಿಐ ಕೂಡ ನಿಧಾನ ಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯೊಂದು ವಿಷಯ ಬಯಲು ಮಾಡುವವರೆಗೂ ನಾಸರ್ ಬೇರೆ ಕಡೆ ರೋಗಿಗಳನ್ನ ನೋಡ್ತಾನೇ ಇದ್ದ. ಆ ನಡುವೆ ಸುಮಾರು 70 ಅಥವಾ ಹೆಚ್ಚು ಮಂದಿ ದೌರ್ಜನ್ಯಕ್ಕೆ ಒಳಗಾದರು ಅಂತ ಕೋರ್ಟ್ ದಾಖಲೆಗಳು ಹೇಳ್ತವೆ. 2018ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ ಕೋಚ್‌ಗಳು 24 ಗಂಟೆಯೊಳಗೆ ನೇರವಾಗಿ ಅಧಿಕಾರಿಗಳಿಗೇ ತಿಳಿಸಬೇಕು.

ನಮ್ಮಲ್ಲೂ 2012ರ ಪೋಕ್ಸೋ ಕಾಯ್ದೆ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಅಂದ್ರೆ ಹೆಡ್‌ಮಾಸ್ಟರ್‌ಗೆ ಹೇಳಿ ಕೈತೊಳ್ಕೊಂಡ್ರೆ ನಮ್ಮ ಹೊಣೆ ಮುಗಿಯಲ್ಲ. "ಸುಳ್ಳಾಗಿದ್ರೆ ನಾವು ಸಿಕ್ಕಿಹಾಕ್ಕೊಳ್ತೀವಲ್ಲಾ?" ಅಂತ ಗೆಳೆಯರು ಕೇಳ್ತಾರೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅಂತ ಅದೇ ಕಾಯ್ದೆ ಹೇಳುತ್ತೆ. ಸಾಬೀತು ಮಾಡೋದು ನಮ್ಮ ಕೆಲಸ ಅಲ್ಲ.

ಹದಿಮೂರರ ಹುಡುಗನೊಬ್ಬ ಪ್ರಾಕ್ಟೀಸ್ ಮುಗಿದ ಮೇಲೆ ಬಂದು, "ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳ್ಬೇಡಿ ಅಣ್ಣ" ಅಂದ ಅಂದ್ಕೊಳ್ಳಿ. "ಹೇಳಲ್ಲ" ಅಂತ ಮಾತು ಕೊಡಬಾರದು, ಅದು ಉಳಿಸಿಕೊಳ್ಳೋಕಾಗದ ಮಾತು. "ನಿನ್ನನ್ನ ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ" ಅನ್ನಬೇಕು. ಅವನು ಹೇಳೋವರೆಗೂ ಕೇಳಿಸಿಕೊಳ್ಳಬೇಕು. "ಅವರು ಹೀಗೆ ಮಾಡಿದ್ರಾ?" ಅಂತ ನಾವೇ ಉತ್ತರ ಬಾಯಿಗೆ ತುರುಕಿದರೆ ಮುಂದೆ ಅವನ ಹೇಳಿಕೆಯೇ ದುರ್ಬಲ ಆಗುತ್ತೆ. ಅವನ ಮಾತನ್ನ ಅವನದೇ ಪದಗಳಲ್ಲಿ ದಿನಾಂಕ, ಸಮಯದ ಸಮೇತ ಅವತ್ತೇ ಬರೆದಿಟ್ಟು ಪೊಲೀಸರಿಗೆ ತಿಳಿಸಬೇಕು. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಆರೋಪ ಬಂದವರನ್ನ ನಾವೇ ಹೋಗಿ ಕೇಳಬಾರದು, ಅವರು ಎಚ್ಚೆತ್ತು ಮಗುವನ್ನ ಹೆದರಿಸಬಹುದು. ಹುಡುಗನ ಹೆಸರು ನಮ್ಮ ಹಾಸ್ಟೆಲ್ ಹರಟೆಗೂ ಬರಬಾರದು.

ಇನ್ನು ನಮ್ಮ ಮೊಬೈಲ್. ಮಕ್ಕಳಿಗೆ ಒಬ್ಬೊಬ್ಬರಿಗೇ ಮೆಸೇಜ್ ಬೇಡ, ಅಪ್ಪ-ಅಮ್ಮ ಇರೋ ಗ್ರೂಪಲ್ಲೇ ಎಲ್ಲ ಹೇಳೋಣ. ಒಂದು ಮಗುವನ್ನೇ ಬೈಕಲ್ಲಿ ಕೂರಿಸಿಕೊಂಡು ಹೋಗೋದೂ ಬೇಡ. "ನಮ್ಮನ್ನೇ ಅನುಮಾನಿಸ್ತೀರಾ?" ಅಂತ ಬೇಜಾರಾಗೋದು ಸಹಜ. ಆದರೆ ಕೆಟ್ಟವರು ಶುರುಮಾಡೋದೇ ಇಂಥ ಗುಟ್ಟಿನ ಸ್ನೇಹದಿಂದ. ಎಲ್ಲರೂ ಖಾಸಗಿ ಚಾಟ್ ಮಾಡ್ತಿದ್ರೆ ಅವರೂ ಅದರಲ್ಲೇ ಮರೆಯಾಗಿಬಿಡ್ತಾರೆ. ನಾವ್ಯಾರೂ ಮಾಡದಿದ್ದಾಗ, ರಾತ್ರಿ ಹತ್ತಕ್ಕೆ "ಮಲಗಿದ್ಯಾ ಪುಟ್ಟ?" ಅಂತ ಒಬ್ಬರಿಂದ ಬಂದ ಮೆಸೇಜ್ ಅಪ್ಪ-ಅಮ್ಮನ ಕಣ್ಣಿಗೆ ತಕ್ಷಣ ಬೀಳುತ್ತೆ.