ಮೊದಲ ಸಂಬಳದ ಒಕ್ಕಣೆ

ಅರಸೀಕೆರೆಯ ನನ್ನ ಗೆಳೆಯ ಕಳೆದ ವಾರ ಮನೆಗೆ ಬಂದವನು ಕಾಫಿ ಲೋಟ ಕೆಳಗಿಡುವ ಮೊದಲೇ ಫೋನು ಮುಂದೆ ಹಿಡಿದು, "ಇದಕ್ಕೆ ಏನಂತ ಉತ್ತರ ಬರೀಲಿ, ನೀನೇ ಹೇಳು" ಅಂದ. ಅವನದು ಕಿರಾಣಿ ಅಂಗಡಿ. ಮಗಳು ಜೂನ್ 9ರಂದು ಬೆಂಗಳೂರಿನ ಕಂಪನಿಯೊಂದಕ್ಕೆ ಸೇರಿದ್ದಳು. ಮೊದಲ ಸಂಬಳ ಬಂದ ಸಂಜೆ ಅವಳು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಸಂದೇಶ ಅದು. ಅಪ್ಪ ಅಮ್ಮನ ತ್ಯಾಗ, ಬೆವರು, ಏಳೇಳು ಜನ್ಮಕ್ಕೂ ತೀರದ ಋಣ, ನಿಮ್ಮ ಪಾದಗಳಿಗೆ ಈ ಮೊದಲ ಸಂಬಳದ ಸಮರ್ಪಣೆ. ಕೆಳಗೆ ಮುಗಿದ ಕೈ, ಗುಲಾಬಿ, ದೀಪ. ಅದರ ಕೆಳಗೆ ಅತ್ತೆ, ಚಿಕ್ಕಪ್ಪ, ಭಾವಂದಿರ ಕಂಗ್ರಾಟ್ಸ್‌ಗಳ ಸಾಲು.

ಇಂಥ ಸಂದೇಶಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆಂದು ಈ ಅಂಕಣ ಓದುವವರಿಗೆ ಗೊತ್ತು. ಹುಟ್ಟುಹಬ್ಬದ್ದು, ಯುಗಾದಿಯದ್ದು, ಸಾವಿನದ್ದು ಎಲ್ಲವೂ ಒಂದೇ ಕಾರ್ಖಾನೆಯಿಂದ ಬಂದ ಹಾಗಿರುತ್ತವೆ. ಇದೇ ಸಂದೇಶವನ್ನು ಎರಡು ಪದ ಆಚೀಚೆಯಾಗಿ ಬೇರೆಯವರ ಮಕ್ಕಳ ಹೆಸರಿನಲ್ಲೂ ಓದಿದ್ದೆ. ಗೆಳೆಯನಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಬದಲಿಗೆ ನನ್ನ ಹಳೆಯ ಹುಚ್ಚನ್ನು ಬಿಚ್ಚಿದೆ. ಮನಿಯಾರ್ಡರ್ ಕೂಪನ್ನುಗಳ ಕಟ್ಟು.

ಒಕ್ಕಣೆಗಳ ಬಗ್ಗೆ ಹಿಂದೆ ಬರೆದಾಗ ಕೆಲವು ಹಿರಿಯ ಓದುಗರು ತಮ್ಮ ಟ್ರಂಕಿನಲ್ಲಿದ್ದ ಕೂಪನ್ನುಗಳನ್ನು ಕಳಿಸಿಕೊಟ್ಟಿದ್ದರು. ಅಂಚೆ ಇಲಾಖೆ 1880ರಲ್ಲಿ ಮನಿಯಾರ್ಡರ್ ಶುರುಮಾಡಿತು, 2015ರ ಏಪ್ರಿಲ್‌ನಲ್ಲಿ ಆ ಹಳೆಯ ನಮೂನೆಯನ್ನು ನಿಲ್ಲಿಸಿತು. ನಡುವಿನ ಕಾಲದಲ್ಲಿ ಊರು ಬಿಟ್ಟು ಕೆಲಸಕ್ಕೆ ಹೋದವರ ಮೊದಲ ಸಂಬಳ ಮನೆ ತಲುಪುತ್ತಿದ್ದುದು ಬಹುಮಟ್ಟಿಗೆ ಈ ಫಾರಮ್ಮಿನ ಮೂಲಕವೇ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ತುಂಬಬೇಕು, ಹಣ ಪಡೆಯುವವರ ಹೆಸರು ವಿಳಾಸ ಬರೆಯಬೇಕು. ಕೊನೆಯ ವರ್ಷಗಳ ದರ ಹೇಳುವುದಾದರೆ ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್ನು. ಸಾವಿರ ಕಳಿಸಿದರೆ ಐವತ್ತು ಅಂಚೆಗೆ. ಫಾರಮ್ಮಿನ ತುದಿಯಲ್ಲಿ ಒಂದು ತುಂಡು ಜಾಗ ಇರುತ್ತಿತ್ತು. ಕಳಿಸುವವನು ಅಲ್ಲಿ ಏನಾದರೂ ಬರೆಯಬಹುದು. ಪೋಸ್ಟ್‌ಮ್ಯಾನ್ ಹಣ ಎಣಿಸಿ ಕೊಟ್ಟು, ಆ ತುಂಡನ್ನು ಹರಿದು ಹಣದ ಜೊತೆಗೆ ಕೊಡುತ್ತಿದ್ದ. ಅದೇ ಕೂಪನ್ನು.

ಪತ್ರಕ್ಕಿದ್ದ ಉಪಚಾರಕ್ಕೆ ಇಲ್ಲಿ ಜಾಗವಿಲ್ಲ. ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು, ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರುವುದು ಎನ್ನುವಷ್ಟರಲ್ಲಿ ಜಾಗ ಮುಗಿದೇಹೋಗುತ್ತದೆ. ಆದ್ದರಿಂದ 'ತೀ. ಸ್ವ. ತಂದೆಯವರಿಗೆ ಸಾ. ನ.' ಎಂದು ಮೊಟಕು ಮಾಡಿ ನೇರ ವಿಷಯಕ್ಕೆ ಇಳಿಯುತ್ತಿದ್ದರು. ಸಂಬಳ ಇಷ್ಟು ಬಂತು, ರೂಮಿಗೆ ಇಷ್ಟು, ಮೆಸ್ಸಿಗೆ ಇಷ್ಟು, ಇದರೊಂದಿಗೆ ಇಷ್ಟು ಕಳಿಸಿದ್ದೇನೆ. ಅಂಗಡಿ ಬಾಕಿ ತೀರಿಸುವುದು, ಅಮ್ಮನ ಕಣ್ಣು ತೋರಿಸುವುದು, ಮಿಕ್ಕಿದ್ದು ತಂಗಿಯ ಫೀಜಿಗೆ. ನನ್ನ ಕಟ್ಟಿನಲ್ಲಿರುವ ಮೊದಲ ಸಂಬಳದ ಕೂಪನ್ನುಗಳಲ್ಲಿ ಋಣ, ತ್ಯಾಗ ಎಂಬ ಮಾತು ಒಂದರಲ್ಲೂ ಇಲ್ಲ.

ಇನ್ನೊಂದು ಚೀಟಿಯ ಮಾತನ್ನೂ ಹೇಳಿಬಿಡಬೇಕು, ಗೆಳೆಯ ಆಕಳಿಸಿದರೂ ನಾನು ಬಿಡಲಿಲ್ಲ. ಹಣ ಪಡೆದವರು ರುಜು ಹಾಕಿದ ರಸೀದಿ ಕಳಿಸಿದವನಿಗೆ ವಾಪಸು ಹೋಗುತ್ತಿತ್ತು. ರುಜು ಬಾರದಿದ್ದರೆ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯ ಸಹಿ. ಫಾರಮ್ಮಿನ ಮೇಲೆ ಯಾರ ಹೆಸರಿದೆಯೋ ಹಣ ಅವರ ಕೈಗೇ ಸೇರಬೇಕು. ಹೀಗಾಗಿ ಅಪ್ಪನ ಹೆಸರಿಗೋ ಅಮ್ಮನ ಹೆಸರಿಗೋ ಎಂಬುದನ್ನು ಹುಡುಗ ಅಂಚೆ ಕಚೇರಿಯ ಕೌಂಟರಿನ ಮುಂದೆಯೇ ತೀರ್ಮಾನಿಸಬೇಕಾಗುತ್ತಿತ್ತು. ಕುಡಿತದ ಮನೆಗಳಲ್ಲಿ ಅದು ಅಮ್ಮನ ಹೆಸರಿಗೇ ಬರುತ್ತಿತ್ತು, ಇಡೀ ಬೀದಿಗೆ ಕಾರಣ ಗೊತ್ತಾಗುತ್ತಿತ್ತು.

ಕೂಪನ್ನುಗಳನ್ನು ಹೀಗೆ ಹೊಗಳುತ್ತಾ ಹೊಸ ಕಾಲದ ರೆಡಿಮೇಡ್ ಕೃತಜ್ಞತೆಯನ್ನು ಬಯ್ಯಲು ಹೊರಟರೆ ಅಂಚೆ ಇಲಾಖೆಯೇ ಅಡ್ಡ ಬರುತ್ತದೆ. ಆಮೇಲೆ ಬಂದ ಇ-ಮನಿಯಾರ್ಡರಿನಲ್ಲಿ ಸ್ವಂತದ ಸಾಲು ಬರೆಯುವಂತಿರಲಿಲ್ಲ. ಮೊದಲೇ ಸಿದ್ಧವಿದ್ದ ಸಂದೇಶಗಳ ಪಟ್ಟಿಯಿಂದ ಒಂದರ ಸಂಖ್ಯೆ ಹೇಳಬೇಕಿತ್ತು. ಅದಕ್ಕೂ ಎಷ್ಟೋ ಮೊದಲು ಮದುವೆಯ ಶುಭಾಶಯದ ತಂತಿಗೂ ಹೀಗೇ ನಂಬರು ಹಾಕಿದ ವಾಕ್ಯಗಳಿದ್ದವು. ಪಾದಾರವಿಂದ, ಸಾಷ್ಟಾಂಗಗಳನ್ನಂತೂ ಶಾಲೆಯಲ್ಲಿ ಮೇಷ್ಟ್ರೇ ಹೇಳಿ ಬರೆಸುತ್ತಿದ್ದರು. ಯಾವ ಕಾಲದ ಮಗನೂ ಅಪ್ಪನಿಗೆ ನಮಸ್ಕಾರವನ್ನು ಸ್ವಂತ ಮಾತಿನಲ್ಲಿ ಬರೆದವನಲ್ಲ.

ನಾನು ಇಲ್ಲಿಗೆ ಬರುವಷ್ಟರಲ್ಲಿ ಗೆಳೆಯ ನಿಜವಾದ ವಿಷಯ ಹೊರಹಾಕಿದ. "ಅದೆಲ್ಲ ಇರ್ಲಿ ಕಣೋ. ಹತ್ತು ಸಾವಿರ ಹಾಕಿದಾಳೆ. ಎಷ್ಟು ಬಂತು ಅಂತ ಒಂದು ಮಾತು ಬರ್ದಿಲ್ಲ. ಕೇಳೋಕೆ ನಂಗೆ ಬಾಯಿ ಬರ್ತಿಲ್ಲ."

ಅವನ ಸಂಕಟಕ್ಕೆ ಒಂದು ಹಿನ್ನೆಲೆಯಿತ್ತು. ನೇಮಕಾತಿ ಪತ್ರದಲ್ಲಿ ಸಿಟಿಸಿ 4,68,312 ರೂಪಾಯಿ ಎಂದಿತ್ತು. ಅಂಗಡಿಯಲ್ಲಿ ಕೂತು ಹನ್ನೆರಡರಿಂದ ಭಾಗಿಸಿದ್ದಾನೆ, ತಿಂಗಳಿಗೆ 39,026. ಬೀಗರಿಗೂ ಹಾಲಿನವನಿಗೂ ಹೇಳಿದ್ದು 39 ಸಾವಿರ. ಅದರಲ್ಲಿ ಹತ್ತು ಬಂತೆಂದರೆ ಉಳಿದ 29 ಎಲ್ಲಿ ಹೋಯಿತು?

ಎಲ್ಲೂ ಹೋಗಿರಲಿಲ್ಲ, ಅಷ್ಟು ಬಂದೇ ಇರಲಿಲ್ಲ. ನಾನೇ ಮಗಳಿಗೆ ಫೋನು ಮಾಡಿ ಕೇಳಿದೆ, ಪೇಸ್ಲಿಪ್ ಕಳಿಸಿದಳು. ಇಬ್ಬರೂ ಕನ್ನಡಕ ಏರಿಸಿ ಕೂತೆವು. ಪೂರ್ತಿ ತಿಂಗಳಿಗೆ ಅವಳ ಒಟ್ಟು ಸಂಬಳ 36,000, ಅದರಲ್ಲಿ ಮೂಲ ವೇತನ 18,000. ಸಿಟಿಸಿಯನ್ನು 39,026ಕ್ಕೆ ಏರಿಸಿದ್ದು ಎರಡು ಬಾಬತ್ತು: ಕಂಪನಿ ತನ್ನ ಪಾಲಿನ ಪಿಎಫ್ ಎಂದು ಕಟ್ಟುವ 2,160, ಗ್ರಾಚುಯಿಟಿಗೆಂದು ತೋರಿಸುವ 866. ಇವೆರಡೂ ಅವಳ ಲೆಕ್ಕಕ್ಕೆ ಬರೆದವೇ, ಆದರೆ ಯಾವ ತಿಂಗಳೂ ಬ್ಯಾಂಕಿಗೆ ಬರುವುದಿಲ್ಲ. ಗ್ರಾಚುಯಿಟಿಯಂತೂ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಕೆಲಸ ಮಾಡಿದ ಮೇಲಿನ ಮಾತು.

ಅವಳು ಸೇರಿದ್ದು 9ಕ್ಕೆ. ಮೂವತ್ತು ದಿನದ ಜೂನ್‌ನಲ್ಲಿ 22 ದಿನದ ಸಂಬಳ, ಅಂದರೆ 36,000ದ ಬದಲು 26,400. ಮೂಲ ವೇತನವೂ ಅದೇ ಪ್ರಮಾಣದಲ್ಲಿ 13,200ಕ್ಕೆ ಇಳಿಯಿತು. ಅದರ ಶೇಕಡಾ 12 ಅವಳ ಪಾಲಿನ ಪಿಎಫ್, 1,584. ಕರ್ನಾಟಕದ ವೃತ್ತಿ ತೆರಿಗೆ 200. ತಿಂಗಳ ಸಂಬಳ 25 ಸಾವಿರ ಮುಟ್ಟಿದವರೆಲ್ಲ ಕಟ್ಟಬೇಕಾದ್ದು. ಕೈಗೆ ಬಂದದ್ದು 24,616. ಅದರಲ್ಲಿ ಹತ್ತು ಸಾವಿರ ಅಪ್ಪನಿಗೆ ಹಾಕಿ ಪಿಜಿ ಬಾಡಿಗೆ ಕಟ್ಟಿದ್ದಾಳೆ.

ಗೆಳೆಯ ಪೇಸ್ಲಿಪ್ಪನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದ. "ಹಾಗಾದ್ರೆ ಮುಂದಿನ ತಿಂಗಳು 39 ಬರತ್ತಾ?" ಬರುವುದಿಲ್ಲ. ಪೂರ್ತಿ ತಿಂಗಳಿಗೂ 36,000ದಲ್ಲಿ 2,160 ಪಿಎಫ್, 200 ವೃತ್ತಿ ತೆರಿಗೆ ಕಳೆದು 33,640. ಅವನು ಹಾಲಿನವನಿಗೆ ಹೇಳಿದ ಅಂಕಿ ಯಾವತ್ತೂ ಬರುವುದಲ್ಲ, ಸಂಬಳ ಹೆಚ್ಚಾಗದ ಹೊರತು. ಇದಕ್ಕೆ ತಿರುಗುಮುರುಗಾದದ್ದೂ ಆಗುತ್ತದೆ. ತಿಂಗಳ ಕೊನೆಯ ವಾರದಲ್ಲಿ ಸೇರಿದವರ ಹೆಸರು ಎಷ್ಟೋ ಕಂಪನಿಗಳಲ್ಲಿ ಆ ತಿಂಗಳ ಸಂಬಳದ ಪಟ್ಟಿಗೆ ಸೇರುವುದೇ ಇಲ್ಲ. ಆ ದಿನಗಳದ್ದೂ ಸೇರಿ ಮುಂದಿನ ತಿಂಗಳು ಒಟ್ಟಿಗೆ ಬರುತ್ತದೆ. ಅಂಥ ಮನೆಯಲ್ಲಿ ಮೊದಲ ಸಂಬಳವೇ ದೊಡ್ಡದು, ಎರಡನೆಯದು ಬಂದಾಗ ಅಪ್ಪನಿಗೆ ಗಾಬರಿ.

ಆಗ ಹೊಳೆದದ್ದು, ನಾನು ಸಂಜೆಯಿಡೀ ಶೈಲಿಯ ಮೇಲೆ ಹರಿಹಾಯ್ದದ್ದು ದಂಡ ಎಂದು. ಕೂಪನ್ನಿನ ಗುಣ ಅದರ ಭಾಷೆಯಲ್ಲಿರಲಿಲ್ಲ. ಮೊತ್ತವೂ ಮಾತೂ ಒಂದೇ ಕಾಗದದ ಮೇಲಿದ್ದವು, ಅಷ್ಟೆ. ಅಂಕಿ ಮುಚ್ಚಿಟ್ಟು ನಮಸ್ಕಾರ ಕಳಿಸುವ ಅನುಕೂಲ ಆ ಫಾರಮ್ಮಿನಲ್ಲಿ ಇರಲಿಲ್ಲ. ಈಗ ಹಣ ಯುಪಿಐ ದಾರಿ ಹಿಡಿಯುತ್ತದೆ, ಮಾತು ವಾಟ್ಸಾಪ್ ದಾರಿ. ಮಾತು ಹೋಗುವ ಗುಂಪಿನಲ್ಲಿ ಅತ್ತೆಯಿಂದ ಭಾವನವರೆಗೆ ಎಲ್ಲರೂ ಇದ್ದಾರೆ. ಅಲ್ಲಿ ಅಂಕಿ ಹೇಳಲಾಗದು. ಅಂಕಿ ಹೇಳಲಾಗದ ಕಡೆ ತ್ಯಾಗ, ಋಣ, ಏಳೇಳು ಜನ್ಮ ಬಿಟ್ಟರೆ ಹುಡುಗಿ ಇನ್ನೇನು ಬರೆದಾಳು?

ಋಣದ ಮಾತು ಬಂತಲ್ಲ, ಅವಳ ಇಂಜಿನಿಯರಿಂಗ್‌ಗೆ ಬ್ಯಾಂಕಿನ ಶಿಕ್ಷಣ ಸಾಲವಿದೆ. ನಾಲ್ಕು ಲಕ್ಷದ ಒಳಗಿನದು, ಆದ್ದರಿಂದ ಆಸ್ತಿ ಅಡವಿಡಬೇಕಾಗಿರಲಿಲ್ಲ, ಜೊತೆಗೆ ಅಪ್ಪ ಸಹಿ ಹಾಕಿದ್ದ. ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತಿಗೆ ಬಿಡುವು. ಬಡ್ಡಿಗೆ ಬಿಡುವಿಲ್ಲ, ಅದು ಏರುತ್ತಲೇ ಇರುತ್ತದೆ. ಕಂತು ತಪ್ಪಿದರೆ ಅಪ್ಪನ ಹೆಸರೂ ಕೆಡುತ್ತದೆ. ಸಂದೇಶದಲ್ಲಿ ತೀರಿಸಲಾಗದ ಋಣದ ಪ್ರಸ್ತಾಪವಿತ್ತು, ತೀರಿಸಲೇಬೇಕಾದ ಇದರ ಪ್ರಸ್ತಾಪ ಇರಲಿಲ್ಲ. ಗೆಳೆಯ ಅದನ್ನೂ ಕೇಳಲಾರದೆ ಒಳಗೇ ಇಟ್ಟುಕೊಂಡಿದ್ದ. ಬಡ್ಡಿಯನ್ನು ತಿಂಗಳು ತಿಂಗಳು ಅವನೇ ಕಟ್ಟುತ್ತಿದ್ದನಂತೆ, ಅದು ಮಗಳಿಗೆ ಗೊತ್ತೇ ಇರಲಿಲ್ಲ. ಲೆಕ್ಕ ಮುಚ್ಚಿಟ್ಟವರು ಒಬ್ಬರೇ ಅಲ್ಲ.

ಗುಂಪಿಗೆ ಬರೆಯಬೇಡ, ಮಗಳೊಬ್ಬಳಿಗೇ ಬರಿ ಎಂದೆ. ಬಹಳ ತಿದ್ದಿ ತಿದ್ದಿ ಕಳಿಸಿದ: ಹತ್ತು ಸಾವಿರ ಬಂತು, ಪೇಸ್ಲಿಪ್ ನೋಡಿದೆ, ಬಡ್ಡಿ ಇಲ್ಲಿವರೆಗೂ ನಾನೇ ಕಟ್ಟಿದೀನಿ, ಇನ್ನು ನೀನು ಕಟ್ಟು, ಊಟ ಸರಿಯಾಗಿ ಮಾಡು. ಸ್ವಲ್ಪ ಹೊತ್ತಿಗೆ ಅವಳ ಉತ್ತರವೂ ಬಂತು. ಬಾಡಿಗೆ ಇಷ್ಟು, ಊಟ ಇಷ್ಟು, ಓಡಾಟ ಇಷ್ಟು, ಪಿಜಿಗೆ ನೀವು ಕೊಟ್ಟ ಅಡ್ವಾನ್ಸು ಎರಡು ತಿಂಗಳಲ್ಲಿ ವಾಪಸು. ಕೂಪನ್ನಿನ ಮೇಲೆ ಹಿಡಿಸುವಷ್ಟೇ ಇತ್ತು. ನಾನು ಹೇಳಿಕೊಟ್ಟದ್ದಲ್ಲ.

ಪಿಎಫ್ ಅಂದರೆ ಹೋದ ದುಡ್ಡು ಎಂದೇ ಅವನು ತಿಳಿದಿದ್ದ. ಅವನ ಹೆಂಡತಿ ಮಾತ್ರ ಫೋನಿನಲ್ಲೇ ನೇರವಾಗಿ ಕೇಳಿದರು, "ಅದು ಅವಳ ಹೆಸರಲ್ಲೇ ಇರತ್ತಲ್ವಾ?" ಅವಳ ಹೆಸರಲ್ಲೇ ಇರುತ್ತದೆ, ಕೆಲಸ ಬದಲಿಸಿದರೂ ಅದೇ ಯುಎಎನ್ ನಂಬರಿಗೆ ಸೇರುತ್ತಾ ಹೋಗುತ್ತದೆ. ಆದರೆ ನಾಮಿನಿ ಯಾರೆಂದು ಸದಸ್ಯರೇ ಆನ್‌ಲೈನ್‌ನಲ್ಲಿ ತುಂಬಬೇಕು, ಕಂಪನಿ ತಾನಾಗಿ ತುಂಬುವುದಿಲ್ಲ. ಹೊಸಬರು ಬಹಳಷ್ಟು ಜನ ಅದನ್ನು ಹಾಗೇ ಬಿಟ್ಟಿರುತ್ತಾರೆ, ಈ ಹುಡುಗಿಯೂ ಬಿಟ್ಟಿದ್ದಳು. ನಾಮಿನಿಯ ಹೆಸರು, ಹುಟ್ಟಿದ ದಿನ, ಆಧಾರ್ ಸಂಖ್ಯೆ, ಇಬ್ಬರಿದ್ದರೆ ಯಾರಿಗೆ ಶೇಕಡಾ ಎಷ್ಟು ಎಂಬುದನ್ನು ಹಾಕಿ, ಕೊನೆಗೆ ತನ್ನ ಆಧಾರ್ ಒಟಿಪಿ ಕೊಟ್ಟು ಸಹಿ ಮಾಡಬೇಕು. ಇಷ್ಟನ್ನು ಮಗಳಿಗೆ ಫೋನು ಮಾಡಿ ಹೇಳಿದೆ.

ಮಾರನೆಯ ದಿನ ಅವಳು ಅಪ್ಪನಿಗೆ ಕಳಿಸಿದ ಸಂದೇಶದಲ್ಲಿ ಒಂದೇ ಸಾಲು: ನಿಂದೂ ಅಮ್ಮಂದೂ ಆಧಾರ್ ನಂಬರ್ ಕಳ್ಸು. ಕಾರಣ ಬರೆದಿರಲಿಲ್ಲ. ಸೈಬರ್ ವಂಚನೆಯ ಸುದ್ದಿಗಳನ್ನು ದಿನವೂ ಓದುವ ನನ್ನ ಗೆಳೆಯ ನಂಬರು ಕಳಿಸಲಿಲ್ಲ. ಮಗಳಿಗೆ ಫೋನು ಮಾಡಿ, ಮೊದಲು ಅಜ್ಜಿಯ ಹೆಸರು ಹೇಳು ಎಂದು ಕೇಳಿದನಂತೆ.