ಮುಖ್ಯ ಭಟ್ರು ಊರಿಗೆ ಹೊರಟಾಗ

ನಮ್ಮ ಉದ್ದಿಮೆಯಲ್ಲಿ ಮ್ಯಾನೇಜರ್ ಬಿಟ್ಟುಹೋದರೆ ಲೆಕ್ಕದ ಪುಸ್ತಕವಾದರೂ ಉಳಿದಿರುತ್ತದೆ. ಟೆಂಪೋ ಡ್ರೈವರ್ ಬಿಟ್ಟುಹೋದರೆ ನಾಲ್ಕು ದಿನದಲ್ಲಿ ಇನ್ನೊಬ್ಬ ಸಿಗುತ್ತಾನೆ. ಆದರೆ ಹದಿನೈದು ಇಪ್ಪತ್ತು ವರ್ಷ ಒಂದೇ ಅಡುಗೆಮನೆ ನಡೆಸಿದ ಮುಖ್ಯ ಭಟ್ರು ಹೊರಟರೆ, ಅವರ ಜೊತೆ ಏನೇನು ಹೊರಟಿತು ಎಂಬುದು ಮುಂದಿನ ಮುಹೂರ್ತದ ದಿನ ಪಂಕ್ತಿಯಲ್ಲಿ ಕುಳಿತವರು ಹೇಳಿದ ಮೇಲೆಯೇ ನಮಗೆ ತಿಳಿಯುವುದು.

ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕೊನೆಯ ವಾರ ಭಟ್ರನ್ನು ಕೂರಿಸಿಕೊಂಡು, "ಎಲ್ಲ ಬರೆದುಕೊಡಿ" ಎನ್ನುತ್ತೇವೆ. ಅವರು ಪಾಪ, ಎರಡು ಹಾಳೆ ಬರೆದುಕೊಡುತ್ತಾರೆ. ಅದರಲ್ಲಿ ಉಪ್ಪು "ರುಚಿಗೆ ತಕ್ಕಷ್ಟು" ಇರುತ್ತದೆ, ಮೆಂತ್ಯ "ಸ್ವಲ್ಪ" ಇರುತ್ತದೆ, ಹುಳಿ "ಹದವಾಗಿ" ಕುದಿಯುತ್ತದೆ. ಅವರು ಮುಚ್ಚಿಟ್ಟದ್ದಲ್ಲ. ಕೈ ಮಾಡುವ ಕೆಲಸ ಬಾಯಿಗೆ ಗೊತ್ತಿರುವುದಿಲ್ಲ, ಅಷ್ಟೆ. ಆದ್ದರಿಂದ ಭಟ್ರ ಕೈಯಲ್ಲಿ ಬರೆಸಬಾರದು, ಅವರು ಅಡುಗೆ ಮಾಡುವಾಗ ನಾವು ಬರೆದುಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಹೇಗೆ ಎಂಬುದನ್ನು ಮುಂಬಯಿಯ ನಮ್ಮದೇ ಅಡುಗೆಮನೆಯ ಉದಾಹರಣೆಯಿಂದ ಹೇಳುತ್ತೇವೆ.

ನಮ್ಮಲ್ಲಿ 18 ವರ್ಷ ಇದ್ದ ಉಡುಪಿ ಕಡೆಯ ಭಟ್ರು 2023ರ ಮಾರ್ಚ್‌ನಲ್ಲಿ, ಮಂಡಿನೋವು ತಡೆಯಲಾಗುತ್ತಿಲ್ಲ, ಮೇ ತಿಂಗಳ ಮದುವೆಗಳು ಮುಗಿದ ಮೇಲೆ ಊರಿಗೆ ಹೋಗುತ್ತೇನೆ ಎಂದರು. ಅವರ ಜಾಗಕ್ಕೆ ಬರಬೇಕಾದವರು ಅವರ ಕೈಕೆಳಗೇ ಆರು ವರ್ಷ ಕೆಲಸ ಮಾಡಿದ ಎರಡನೆಯ ಭಟ್ರು. "ಅವರಿಗೆ ಎಲ್ಲ ಗೊತ್ತಿದೆ, ಇನ್ನೇನು ಬರೆಯುವುದು" ಎಂದು ಅಡುಗೆಮನೆಯಲ್ಲಿ ಎಲ್ಲರೂ ಅಂದರು. ಆದರೂ ಮೂರು ಕಾರ್ಯಕ್ರಮಗಳನ್ನು ಇದಕ್ಕೆಂದೇ ಆರಿಸಿಕೊಂಡೆವು.

ಮೊದಲನೆಯದು 300 ಜನರ ಉಪನಯನದ ಊಟ. ಮುಂಚಿನ ರಾತ್ರಿಯೇ ಉಪ್ಪು, ಹುಣಸೆ, ಬೆಲ್ಲ, ಕೊತ್ತಂಬರಿ ಕಾಳು, ಬ್ಯಾಡಗಿ ಮೆಣಸು, ಇಂಗು, ಎಣ್ಣೆ ಎಲ್ಲದರ ಡಬ್ಬಿಗಳನ್ನು ತೂಕ ಮಾಡಿ ಚೀಟಿ ಅಂಟಿಸಿದೆವು. ಭಟ್ರಿಗೆ ಎಂದಿನಂತೆ ಅಡುಗೆ ಮಾಡಿ ಎಂದಷ್ಟೇ ಹೇಳಿದ್ದು. ಕೈ ಹಾಕುವ ಮೊದಲು "ತಡೆಯಿರಿ, ತೂಗುತ್ತೇವೆ" ಎಂದು ತಕ್ಕಡಿ ಹಿಡಿದು ನಿಂತರೆ ಯಾವ ಭಟ್ರ ಕೈಯೂ ಸರಿಯಾಗಿ ಓಡುವುದಿಲ್ಲ. ಒಂದೊಂದು ಪದಾರ್ಥ ಒಲೆಯಿಂದ ಇಳಿದ ಮೇಲೆ ಡಬ್ಬಿಗಳನ್ನು ಮತ್ತೆ ತೂಗಿದೆವು. ಎಷ್ಟು ಕಡಿಮೆಯಾಗಿದೆಯೋ ಅಷ್ಟು ಅಡುಗೆಗೆ ಹೋಗಿದೆ.

ಹುಳಿಗೆ ಭಟ್ರು ಹಾಕಿದ್ದು ಹನ್ನೊಂದು ಹಿಡಿ ಉಪ್ಪು. ಡಬ್ಬಿಯಲ್ಲಿ ಕಡಿಮೆಯಾದದ್ದು 770 ಗ್ರಾಂ, ಅಂದರೆ ಹಿಡಿಗೆ 70 ಗ್ರಾಂ. ಹುಳಿ ಇದ್ದದ್ದು ಸುಮಾರು 65 ಲೀಟರ್. ಎರಡನೆಯ ಭಟ್ರಿಗೂ "300 ಜನಕ್ಕೆ ಹನ್ನೊಂದು ಹಿಡಿ" ಎಂಬುದು ಬಾಯಿಪಾಠವಿತ್ತು. ಅವರ ಹಿಡಿಯನ್ನು ಮೂರು ಸಲ ತೂಗಿ ನೋಡಿದರೆ 52 ಗ್ರಾಂ ಆಸುಪಾಸು ಬಂತು. ಸಣ್ಣ ಕೈ. ಅದೇ ಹನ್ನೊಂದು ಹಿಡಿಯಲ್ಲಿ 200 ಗ್ರಾಂ ಉಪ್ಪು ಕಡಿಮೆ! ಆರು ವರ್ಷ ಪಕ್ಕದಲ್ಲೇ ನಿಂತು ಕಲಿತವರಿಗೆ ಇದು ಗೊತ್ತಿರಲಿಲ್ಲ, ಏಕೆಂದರೆ ಆ ಆರು ವರ್ಷವೂ ಉಪ್ಪು ಹಾಕಿದ್ದು ದೊಡ್ಡ ಭಟ್ರ ಕೈಯೇ.

ಆ ದಿನ ಬರೆದುಕೊಳ್ಳಲು ನಾವು ಕೂರಿಸಿದ್ದು ಎರಡನೆಯ ಭಟ್ರನ್ನಲ್ಲ, ಆಫೀಸಿನಲ್ಲಿ ಬಿಲ್ ಬರೆಯುವ ಹುಡುಗನನ್ನು. ಅಡುಗೆ ಬಲ್ಲವರು ಬರೆದರೆ ತಮಗೆ ಗೊತ್ತಿರುವುದನ್ನು ಬಿಟ್ಟುಬಿಡುತ್ತಾರೆ. ಈ ಹುಡುಗನಿಗೆ ಏನೂ ಗೊತ್ತಿಲ್ಲ, ಹಾಗಾಗಿ ಎಲ್ಲವನ್ನೂ ಕೇಳುತ್ತಾನೆ. "ಕೊತ್ತಂಬರಿ ಹುರಿದದ್ದು ಸಾಕು ಅಂತ ಹೇಗೆ ಗೊತ್ತಾಗುತ್ತದೆ ಭಟ್ರೇ?" "ಎರಡು ಬೆರಳಲ್ಲಿ ಒತ್ತಿದರೆ ಟಪ್ ಅಂತ ಒಡೀಬೇಕು ಮಾರಾಯಾ, ಬಗ್ಗಿದರೆ ಇನ್ನೂ ಹಸಿ." ಉದ್ದಿನ ಹಿಟ್ಟು ನುಣ್ಣಗಾಯಿತೆಂದು ತಿಳಿಯುವುದು ಒಂದು ಹನಿಯನ್ನು ನೀರಿಗೆ ಬಿಟ್ಟಾಗ, ತೇಲಿದರೆ ಸರಿ, ಮುಳುಗಿದರೆ ಇನ್ನೂ ರುಬ್ಬಬೇಕು. ತೂಕಕ್ಕೆ ಸಿಗದ್ದನ್ನು ಹೀಗೆ ಗುರುತಿನಿಂದ ಬರೆಯಬಹುದು. "ಹದವಾಗಿ" ಎಂಬ ಪದವನ್ನು ಪುಸ್ತಕದಲ್ಲಿ ಎಲ್ಲೂ ಬರೆಯಕೂಡದೆಂದು ಆ ಹುಡುಗನಿಗೆ ಮೊದಲೇ ಹೇಳಿದ್ದೆವು.

ತೂಕವೇ ಎಲ್ಲವೂ ಅಲ್ಲ ಎಂಬುದೂ ಅಲ್ಲಿಯೇ ಕಂಡಿತು. ಹುಣಸೆ 900 ಗ್ರಾಂ ಹೋಗಿತ್ತು. ಆದರೆ ಅದು ಆ ವರ್ಷದ ಹೊಸ ಹುಣಸೆ, ಕಪ್ಪಾದ ಹಳೆಯ ಹುಣಸೆಗೆ ಅದೇ ಲೆಕ್ಕ ನಡೆಯುವುದಿಲ್ಲ. ಹಾಗೆಯೇ 300 ಜನರ ಅಳತೆಯನ್ನು 1,000 ಜನರಿಗೆ ಸುಮ್ಮನೆ ಗುಣಿಸಿದರೆ ಹುಳಿ ನೀರಾಗುತ್ತದೆ. ದೊಡ್ಡ ಕೊಪ್ಪರಿಗೆಯಲ್ಲಿ ಪದಾರ್ಥದ ಪ್ರಮಾಣಕ್ಕೆ ಹೋಲಿಸಿದರೆ ಬಾಯಿ ಚಿಕ್ಕದು, ಆವಿಯಾಗಿ ಹೋಗುವ ನೀರಿನ ಪಾಲು ಕಡಿಮೆ. ಆದ್ದರಿಂದ ನೀರನ್ನು ಲೆಕ್ಕಕ್ಕಿಂತ ಕಡಿಮೆ ಹಾಕಬೇಕು, ಉಪ್ಪು ಹುಳಿ ಖಾರಗಳಲ್ಲಿ ಮುಕ್ಕಾಲು ಪಾಲನ್ನು ಮೊದಲು ಹಾಕಿ, ಕುದಿ ಬಂದ ಮೇಲೆ ರುಚಿ ನೋಡಿ ಉಳಿದದ್ದನ್ನು ಸೇರಿಸಬೇಕು. ಇದು ಭಟ್ರಿಗೆ ತಲೆಯಲ್ಲಿತ್ತು. ಹುಡುಗ "ಮೂರರಿಂದ ಗುಣಿಸಲೇ?" ಎಂದು ಕೇಳಿದ್ದರಿಂದ ಹೊರಗೆ ಬಂತು.

ಎರಡನೆಯ ಕಾರ್ಯಕ್ರಮದಲ್ಲಿ ಎರಡನೆಯ ಭಟ್ರು ಪುಸ್ತಕ ನೋಡಿ ಅಡುಗೆ ಮಾಡಿದರು. ದೊಡ್ಡ ಭಟ್ರಿಗೆ ಒಂದು ಕುರ್ಚಿ, ಒಂದು ಪೆನ್ಸಿಲ್. ಸೌಟು ಮುಟ್ಟಕೂಡದು, ಎಲ್ಲಿ ಕೈ ಹಾಕಬೇಕು ಅನಿಸಿತೋ ಅಲ್ಲಿ ಒಂದು ಗೆರೆ ಎಳೆದು ಕಾರಣ ಹೇಳಬೇಕು. ಒಂಬತ್ತು ಗೆರೆ ಬಿದ್ದವು, ಪುಸ್ತಕದಲ್ಲಿ ಬಿಟ್ಟುಹೋದ ಒಂಬತ್ತು ಜಾಗ. ಮೂರನೆಯದಕ್ಕೆ ಭಟ್ರು ಬರಲೇ ಇಲ್ಲ, ಫೋನ್ ಹತ್ತಿರ ಇಟ್ಟುಕೊಂಡು ಮನೆಯಲ್ಲಿದ್ದರು. ಎರಡು ಸಲ ಫೋನ್ ಹೋಯಿತು.

ಅಡುಗೆಗಿಂತ ಹೆಚ್ಚು ತೊಂದರೆ ಕೊಡುವುದು ಬಾಯಿಮಾತಿನ ಒಪ್ಪಂದಗಳು. ಪ್ರತಿ ವರ್ಷ ಬರುವ ಪಾರ್ಟಿಗಳು ಆಫೀಸಿಗೆ ಫೋನ್ ಮಾಡಿ, "ಎಂದಿನಂತೆ, ಭಟ್ರಿಗೆ ಗೊತ್ತು" ಎಂದು ಇಟ್ಟುಬಿಡುತ್ತಾರೆ. ಏನು ಗೊತ್ತು? ಚಾತುರ್ಮಾಸ್ಯ ಆಚರಿಸುವ ಮಾಧ್ವರ ಮನೆಯ ಆರ್ಡರ್ ತೆಗೆದುಕೊಳ್ಳಿ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ, ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ. ಆ ಕೊನೆಯ ತಿಂಗಳಲ್ಲಿ ತೊಗರಿಬೇಳೆ ಹಾಕಿದ ಹುಳಿ ಒಯ್ದರೆ ಆ ಮನೆಯವರು ಎಲೆ ಬಿಟ್ಟೇಳುತ್ತಾರೆ. ದೊಡ್ಡ ಭಟ್ರಿಗೆ ಇದು ಪಂಚಾಂಗ ನೋಡಿದರೆ ಸಾಕಿತ್ತು. ಆರ್ಡರ್ ಪುಸ್ತಕದಲ್ಲಿ ಇದ್ದದ್ದು ಜನರ ಸಂಖ್ಯೆ ಮತ್ತು ಅಡ್ವಾನ್ಸ್ ಮಾತ್ರ. ಹಿಂದಿನ ಎರಡು ವರ್ಷದ ಆರ್ಡರ್ ಪುಸ್ತಕ ತೆರೆದು, ಒಂದೊಂದೇ ಹೆಸರು ಓದುತ್ತ, "ಈ ಮನೆಯವರದು ಏನು ವಿಶೇಷ?" ಎಂದು ಕೇಳುತ್ತ ಹೋದೆವು. ಎರಡು ಮಧ್ಯಾಹ್ನ ಹಿಡಿಯಿತು. "ನೆನಪಿದ್ದದ್ದೆಲ್ಲ ಹೇಳಿ" ಎಂದಿದ್ದರೆ ಕಾಲು ಭಾಗವೂ ಬರುತ್ತಿರಲಿಲ್ಲ, ಹೆಸರು ಓದಿದರೆ ಮನೆಯೇ ಕಣ್ಣೆದುರು ಬರುತ್ತದೆ. ಮಾಟುಂಗದ ಬಾಳೆ ಎಲೆಯವರಿಗೂ, ಮದುವೆ ದಿನಗಳಲ್ಲಿ ಕರೆಸುವ ಬಡಿಸುವ ಹುಡುಗರ ಮುಖ್ಯಸ್ಥನಿಗೂ ಭಟ್ರೇ ಫೋನ್ ಹಚ್ಚಿ, ಹೊಸಬರ ಕೈಗೆ ಕೊಟ್ಟು ಮಾತಾಡಿಸಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. "ಎಲ್ಲ ಹೇಳಿಕೊಡುವವರೆಗೆ ಕೊನೆಯ ಸಂಬಳ ಹಿಡಿದಿಟ್ಟುಕೊಳ್ಳಿ" ಎಂಬ ಸಲಹೆ ನಮ್ಮ ವ್ಯಾಪಾರ ಬಂಧುಗಳಲ್ಲಿ ಕೇಳಿಬರುತ್ತದೆ. ನಮಗೆ ಇದು ಒಪ್ಪಿಗೆಯಿಲ್ಲ. ದುಡಿದ ಸಂಬಳ ಅವರದು, ಕಾನೂನು ಅನ್ವಯಿಸುವ ಸಂಸ್ಥೆಗಳಲ್ಲಿ ಐದು ವರ್ಷ ಮೀರಿದವರ ಗ್ರ್ಯಾಚುಯಿಟಿಯೂ ಅವರದು, ಪಾಕವಿಧಾನ ಕೊಡಲಿಲ್ಲವೆಂದು ಅದನ್ನು ತಡೆಯುವ ಹಕ್ಕು ನಮಗಿಲ್ಲ. ಅದು ಹಾಗಿರಲಿ, ಹಣ ಹಿಡಿದಿಟ್ಟು ಬರೆಸಿಕೊಂಡ ಪುಸ್ತಕದಲ್ಲಿ ಆ ಒಂಬತ್ತು ಗೆರೆ ಬೀಳುತ್ತವೆಯೇ? ನಾವು ಆ ಮೂರು ಕಾರ್ಯಕ್ರಮಗಳಿಗೆ ಸಂಬಳದ ಮೇಲೆ ಪ್ರತ್ಯೇಕ ಸಂಭಾವನೆ ಕೊಟ್ಟೆವು, ಕಲಿಸುವುದೂ ಒಂದು ಕೆಲಸವೆಂದು. ಅವರು ನಾಳೆ ಬೇರೆಯವರಿಗೆ ಹೇಳಿಕೊಟ್ಟರೆ ಎಂಬ ಭಯ ಕೆಲವರಿಗೆ. ಹೇಳಿಕೊಡಲಿ. ಅವರ ಕೈಯ ವಿದ್ಯೆ ಅವರ ಜೊತೆ ಹೋಗುವುದನ್ನು ಯಾರೂ ತಡೆಯಲಾರರು, ನಮ್ಮ ಗಿರಾಕಿಗೆ ಕಳೆದ ವರ್ಷದ ರುಚಿಯೇ ಈ ವರ್ಷವೂ ಸಿಗುತ್ತದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ವಿಧಾನಕ್ಕೂ ಒಂದು ಮಿತಿ ಇದೆ. ಎರಡು ತಿಂಗಳ ಅವಧಿಯಲ್ಲಿ ಒಂದೇ ಋತು ನೋಡಲು ಸಿಗುತ್ತದೆ. ಮೇ ತಿಂಗಳಲ್ಲಿ ಮುಂಬಯಿಯ ಸೆಕೆಗೆ ಇಡ್ಲಿ ಹಿಟ್ಟು ಆರೇಳು ಗಂಟೆಯಲ್ಲಿ ಉಕ್ಕಿ ಬರುತ್ತದೆ, ಭಟ್ರು ಐಸ್ ನೀರು ಹಾಕಿ ರುಬ್ಬಿ, ರಾತ್ರಿ ತಡವಾಗಿ ಕಲಸುತ್ತಿದ್ದರು. ಜನವರಿಯಲ್ಲಿ ಹಾಗಲ್ಲ. ದಿಲ್ಲಿಯ ಸದಸ್ಯರಿಗೆ ಇದನ್ನು ನಾವು ಹೇಳಬೇಕಾಗಿಲ್ಲ. ಕಣ್ಣಿಂದ ನೋಡಿ ತೂಗಿದ್ದನ್ನು ನೀಲಿ ಶಾಯಿಯಲ್ಲಿ, ಬರೀ ಕೇಳಿ ಬರೆದದ್ದನ್ನು ಕೆಂಪು ಶಾಯಿಯಲ್ಲಿ ಬರೆಸಿದೆವು, ಯಾವುದನ್ನು ಎಷ್ಟು ನಂಬಬಹುದೆಂದು ಹೊಸಬರಿಗೆ ತಿಳಿಯಲಿ ಎಂದು. "ಜನವರಿ: ಹಿಟ್ಟು ಹನ್ನೊಂದು ಗಂಟೆ" ಎಂಬುದು ಕೆಂಪು ಸಾಲು.

2024ರ ಜನವರಿಯಲ್ಲಿ ಹನ್ನೊಂದು ಗಂಟೆಯಾದರೂ ಹಿಟ್ಟು ಉಕ್ಕಲಿಲ್ಲ. ಸಾಲು ಕೆಂಪು ಎಂದು ಎರಡನೆಯ ಭಟ್ರು ಮೊದಲೇ ಒಂದು ಪಾತ್ರೆ ಮಾತ್ರ ಕಲಸಿ ಪರೀಕ್ಷೆ ಮಾಡಿದ್ದರಿಂದ ಆರ್ಡರಿಗೆ ತೊಂದರೆಯಾಗಲಿಲ್ಲ. ಊರಿಗೆ ಫೋನ್ ಮಾಡಿ ಕೇಳಿದೆವು. "ಪಾತ್ರೆ ಎಲ್ಲಿಟ್ಟಿದ್ದೀರಿ ರಾಯರೇ?" ಎಂದರು ಭಟ್ರು. ಶಟರ್ ಹತ್ತಿರ, ಎಂದೆವು. "ಅಯ್ಯೋ, ಚಳಿಗಾಲದಲ್ಲಿ ಅದನ್ನು ಭಟ್ಟಿಯ ಬದಿಯಲ್ಲಿ ಇಡುವುದಲ್ವಾ? ಅದನ್ನೂ ಬರೆಸಬೇಕಿತ್ತಾ?" ಮರುದಿನ ಭಟ್ಟಿಯ ಪಕ್ಕ ಇಟ್ಟ ಪಾತ್ರೆ ಹನ್ನೊಂದು ಗಂಟೆಗೆ ಸರಿಯಾಗಿ ಉಕ್ಕಿತು. ಬಿಲ್ ಬರೆಯುವ ಹುಡುಗ ಕೆಂಪು ಸಾಲನ್ನು ಹೊಡೆದುಹಾಕಿ, ಪಾತ್ರೆಯ ಜಾಗವನ್ನೂ ಸೇರಿಸಿ, ನೀಲಿಯಲ್ಲಿ ಬರೆದ.