ಕೊನೆಯ ಡ್ರಾಪ್ ಯಾರದು?

ಹೆಣ್ಣುಮಕ್ಕಳು ರಾತ್ರಿ ಪಾಳಿಯಲ್ಲಿ ದುಡಿಯಬೇಕೋ ಬೇಡವೋ ಎಂಬ ಚರ್ಚೆ ಕರ್ನಾಟಕದ ಮಟ್ಟಿಗೆ ಮುಗಿದುಹೋಗಿದೆ. ಆದರೂ ಎಲ್ಲಾದರೂ ಒಂದು ದುರ್ಘಟನೆ ನಡೆದರೆ ಸಾಕು, ಟಿ.ವಿ. ಚರ್ಚೆಗಳು ಮತ್ತೆ ಅದೇ ಪ್ರಶ್ನೆಯನ್ನು ಎತ್ತಿಕೊಂಡು ಕೂರುತ್ತವೆ. 2017ರ ಮಾರ್ಚ್‌ನಲ್ಲಿ ಶಾಸಕ ಎನ್.ಎ. ಹ್ಯಾರಿಸ್ ಅಧ್ಯಕ್ಷತೆಯ ವಿಧಾನಮಂಡಲ ಸಮಿತಿಯೊಂದು ಐಟಿ, ಬಿಟಿ ಕಂಪನಿಗಳು ಮಹಿಳೆಯರಿಗೆ ರಾತ್ರಿ ಪಾಳಿ ಕೊಡದಿರುವುದೇ ಒಳ್ಳೆಯದು ಎಂದು ಶಿಫಾರಸು ಮಾಡಿತ್ತು. ಮೂರು ವರ್ಷ ತುಂಬುವ ಮೊದಲೇ, 2019ರ ನವೆಂಬರ್‌ನಲ್ಲಿ, ಅದೇ ರಾಜ್ಯದ ಸರ್ಕಾರ ಕಾರ್ಖಾನೆಗಳಲ್ಲೂ ಮಹಿಳೆಯರು ರಾತ್ರಿ ದುಡಿಯಬಹುದೆಂದು ಅಧಿಸೂಚನೆ ಹೊರಡಿಸಿತು. 2020ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ, 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಔದ್ಯೋಗಿಕ ಸುರಕ್ಷತಾ ಸಂಹಿತೆಯ 43ನೇ ಸೆಕ್ಷನ್ ಅಂತೂ ಎಲ್ಲ ಬಗೆಯ ಕೆಲಸಕ್ಕೂ ಬಾಗಿಲು ತೆರೆದಿದೆ. ಬೆಳಿಗ್ಗೆ ಆರಕ್ಕೆ ಮೊದಲು, ಸಂಜೆ ಏಳರ ನಂತರ ಕೆಲಸ ಮಾಡಿಸಬೇಕಾದರೆ ಮಹಿಳೆಯ ಒಪ್ಪಿಗೆ ಬೇಕು, ಸರ್ಕಾರ ಗೊತ್ತುಪಡಿಸಿದ ಷರತ್ತುಗಳು ಪಾಲನೆಯಾಗಬೇಕು. ಅದು ಕೇಳುವುದು ಇಷ್ಟೇ.

ಬಾಗಿಲು ತೆರೆದದ್ದು ಸರಿ. 1948ರ ಕಾರ್ಖಾನೆ ಕಾಯ್ದೆಯ ನಿಷೇಧವನ್ನು ಮದ್ರಾಸ್ ಹೈಕೋರ್ಟ್ 2000ದ ಡಿಸೆಂಬರ್‌ನಲ್ಲೇ ಅಸಾಂವಿಧಾನಿಕವೆಂದು ತಳ್ಳಿಹಾಕಿತ್ತು. ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯ ಘೋರ ಕೃತ್ಯದ ನಂತರ, ಮಹಿಳೆಯರಿಗೆ ಸಾಧ್ಯವಾದಷ್ಟು ರಾತ್ರಿ ಕೆಲಸ ತಪ್ಪಿಸಿ ಎಂದು ಪಶ್ಚಿಮ ಬಂಗಾಳ ಸರ್ಕಾರ ಸೂಚನೆ ಹೊರಡಿಸಿದಾಗ, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತರಾಟೆಗೆ ತೆಗೆದುಕೊಂಡಿತು. ರಕ್ಷಣೆ ಕೊಡಲಾಗದ ಸರ್ಕಾರ ಹೆಣ್ಣನ್ನೇ ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಈಗ ಜಗಳ ಆಗಬೇಕಾದದ್ದು ಷರತ್ತುಗಳ ಮೇಲೆ. ಅದರಲ್ಲೂ ಕಾರ್ಖಾನೆಯ ಗೇಟಿನಿಂದ ಮನೆಯ ಹೊಸಿಲಿನ ತನಕದ ಹಾದಿಯ ಮೇಲೆ. ಒಳಗಿನ ಸಿಸಿಟಿವಿ, ದೀಪ, ಶೌಚಾಲಯ ಇವನ್ನೆಲ್ಲ ಒಬ್ಬ ಇನ್ಸ್‌ಪೆಕ್ಟರ್ ಹಗಲಲ್ಲಿ ಬಂದೂ ನೋಡಬಹುದು. ರಾತ್ರಿ ಹನ್ನೆರಡಕ್ಕೆ ಓಡುವ ಕ್ಯಾಬನ್ನು ನೋಡುವವರು ಯಾರೂ ಇಲ್ಲ.

ಈ ಹಾದಿಯ ನಿಯಮಗಳಿಗೆ ಬೆಂಗಳೂರು ದೊಡ್ಡ ಬೆಲೆ ತೆತ್ತಿದೆ. 2005ರ ಡಿಸೆಂಬರ್‌ನ ಒಂದು ನಡುರಾತ್ರಿ ಬಹುರಾಷ್ಟ್ರೀಯ ಕಂಪನಿಯ ಉದ್ಯೋಗಿಯೊಬ್ಬಳನ್ನು ಕೆಲಸಕ್ಕೆ ಕರೆದೊಯ್ಯಲು ಕಾರು ಮನೆಯ ಬಳಿ ಬಂತು. ಅಂದು ಆಕೆಯನ್ನು ಕರೆದೊಯ್ಯಬೇಕಾಗಿದ್ದ ಚಾಲಕ ಬೇರೆ, ಬಂದವನು ಬೇರೆ. ಬದಲಿಯಾಗಿ ಬಂದಿದ್ದೇನೆ ಎಂಬ ಮಾತನ್ನು ನಂಬಿ ಆಕೆ ಹತ್ತಿದಳು. ಅಸಲಿ ಚಾಲಕ ಫೋನ್ ಮಾಡಿದಾಗ, ತಾನಾಗಲೇ ಇನ್ನೊಂದು ಕಾರಿನಲ್ಲಿರುವುದಾಗಿಯೂ ಹೇಳಿದ್ದಳು. ಆಕೆ ಕಚೇರಿ ತಲುಪಲಿಲ್ಲ. ಅತ್ಯಾಚಾರ ಮಾಡಿ ಕೊಂದ ಆ ಚಾಲಕನಿಗೆ 2010ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಆ ರಾತ್ರಿ ಇಬ್ಬರು ಚಾಲಕರ ನಡುವೆ ಒಂದು ಗೊಂದಲ ಇತ್ತು, ಆ ಗೊಂದಲ ಫೋನಿನಲ್ಲಿ ಬಯಲಿಗೂ ಬಂದಿತ್ತು. ಒಬ್ಬಳೇ ಮಹಿಳೆ ಹೆಸರಿಲ್ಲದ ಕಾರಿನಲ್ಲಿದ್ದಾಳೆ ಎಂಬ ಸುದ್ದಿ ಅದೇ ಗಳಿಗೆಯಲ್ಲಿ ಕಂಪನಿಯ ಹೊಣೆಗಾರ ಅಧಿಕಾರಿಯೊಬ್ಬರ ಮೇಜಿಗೆ ಬಿದ್ದು, ಅವರು ಕಾರನ್ನು ಹುಡುಕಿಸುವ ಏರ್ಪಾಡು ಇರಬೇಕಿತ್ತು. ಇಂದು ಅಂಗಡಿ ಕಾಯ್ದೆಯ ಷರತ್ತುಗಳಲ್ಲಿ ಇರುವುದು ಇದೇ: ಚಾಲಕನ ಪೂರ್ವಾಪರ ಪರಿಶೀಲನೆ ಮೊದಲೇ ಆಗಬೇಕು, ದಾರಿಯನ್ನು ಕಂಪನಿಯ ಮೇಲ್ವಿಚಾರಕರೇ ಗೊತ್ತುಮಾಡಬೇಕು, ಅವರಿಗೆ ತಿಳಿಸದೆ ಚಾಲಕನನ್ನಾಗಲೀ ದಾರಿಯನ್ನಾಗಲೀ ಬದಲಿಸುವಂತಿಲ್ಲ, ಮಹಿಳೆಯ ಫೋನ್ ನಂಬರು, ವಿಳಾಸ ಸಂಬಂಧವಿಲ್ಲದವರ ಕೈಗೆ ಹೋಗಬಾರದು, ವಾಹನಗಳ ಮೇಲೆ ಕಣ್ಣಿಡಲು ಕಂಟ್ರೋಲ್ ರೂಮ್ ಅಥವಾ ಟ್ರಾವೆಲ್ ಡೆಸ್ಕ್ ಇರಬೇಕು. ಒಂದೊಂದು ಷರತ್ತಿನ ಹಿಂದೆಯೂ ಆ ರಾತ್ರಿಯ ಒಂದೊಂದು ಲೋಪವನ್ನು ಗುರುತಿಸಬಹುದು.

ಕಂಪನಿಯ ಹೊಣೆ ಏನಾಯಿತು? ಕಾರ್ಮಿಕ ಇಲಾಖೆ ಅಂಗಡಿ ಕಾಯ್ದೆಯ 25ನೇ ಸೆಕ್ಷನ್ನಿನಡಿ ವ್ಯವಸ್ಥಾಪಕ ನಿರ್ದೇಶಕರ ಮೇಲೆ ಮೊಕದ್ದಮೆ ಹೂಡಿತು. ಅದನ್ನು ರದ್ದು ಮಾಡಿ ಎಂಬ ಬೇಡಿಕೆ ಹೈಕೋರ್ಟಿನಲ್ಲಿ ಬಿದ್ದುಹೋಗಿ, 2008ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಿಲ್ಲಲಿಲ್ಲ. ಸೋಮ್ ಮಿತ್ತಲ್ ಪ್ರಕರಣವೆಂದು ಅದು ಕಾನೂನು ಪುಸ್ತಕ ಸೇರಿದೆ. ಕೊಂದವನು ಗುತ್ತಿಗೆ ಚಾಲಕ, ನಮಗೇನು ಸಂಬಂಧ ಎಂಬ ವಾದಕ್ಕೆ ಅವಕಾಶವೇ ಇಲ್ಲದ ಹಾಗೆ ನಿಯಮ ಬರೆಯಲು ಇಷ್ಟು ಸಾಕಿತ್ತು. ಬೆಂಗಳೂರಿನ ಆ ಕೊಲೆಗೆ ಎರಡು ವರ್ಷ ತುಂಬುವ ಮೊದಲೇ, 2007ರ ನವೆಂಬರ್‌ನಲ್ಲಿ, ಪುಣೆಯಲ್ಲಿ ಬಿಪಿಒ ಉದ್ಯೋಗಿಯೊಬ್ಬಳು ಕಂಪನಿಯ ಕ್ಯಾಬ್ ಹತ್ತಿದಾಗ ಚಾಲಕನ ಪಕ್ಕದಲ್ಲಿ ಅವನ ಗೆಳೆಯ ಕೂತಿದ್ದ. ಆಕೆಯೂ ಬದುಕಿ ಬರಲಿಲ್ಲ. ವಾಹನದಲ್ಲಿ ಇನ್ನೊಬ್ಬ ಗಂಡಸಿದ್ದರೆ ಸುರಕ್ಷಿತ ಎಂದು ನಂಬುವವರು ಈ ಪ್ರಕರಣವನ್ನು ಒಮ್ಮೆ ಓದಬೇಕು. ಎಸ್ಕಾರ್ಟ್ ಇದ್ದಾನೋ ಇಲ್ಲವೋ ಎಂಬುದರ ಜೊತೆಗೆ ಅವನು ಯಾರು, ಅವನನ್ನು ನೇಮಿಸಿದವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ.

ಇನ್ನು ಎಲ್ಲರ ಬಾಯಲ್ಲೂ ಇರುವ ಷರತ್ತಿಗೆ ಬರೋಣ. ಮಹಿಳೆಯನ್ನು ಮೊದಲು ಹತ್ತಿಸಿಕೊಳ್ಳಬಾರದು, ಕೊನೆಗೆ ಇಳಿಸಬಾರದು. ಓದಲು ಸರಳ. ವೈಟ್‌ಫೀಲ್ಡಿನಿಂದ ರಾತ್ರಿ ಹನ್ನೊಂದೂವರೆಗೆ ಒಂದು ಕ್ಯಾಬ್ ಹೊರಡುತ್ತದೆ ಎಂದುಕೊಳ್ಳಿ. ಮೂವರು ಗಂಡಸರು, ಒಬ್ಬಳು ಹೆಣ್ಣುಮಗಳು. ಗಂಡಸರ ಮನೆ ಮಾರತ್ತಹಳ್ಳಿ, ದೊಮ್ಮಲೂರು, ಜಯನಗರ, ಆಕೆಯದು ಕೆಂಗೇರಿ. ದಾರಿಯ ಲೆಕ್ಕದಲ್ಲಿ ಆಕೆಯೇ ಕೊನೆ. ನಿಯಮ ಪಾಲಿಸಬೇಕಾದರೆ ಕಾರು ಜಯನಗರದವನನ್ನು ಕೂರಿಸಿಕೊಂಡೇ ಕೆಂಗೇರಿಗೆ ಹೋಗಿ, ಆಕೆಯನ್ನಿಳಿಸಿ, ಅವನನ್ನು ವಾಪಸು ತರಬೇಕು. ಅವನಿಗೆ ಒಂದು ಗಂಟೆ ನಿದ್ದೆ ಹಾಳು, ವೆಂಡರ್‌ಗೆ ಡೀಸೆಲ್ ಖರ್ಚು, ಚಾಲಕನಿಗೆ ಮುಂದಿನ ಟ್ರಿಪ್ ತಡ. ಹೀಗಾಗಿ ಜಯನಗರದವನು ತಾನೇ ಇಳಿದುಕೊಳ್ಳುತ್ತಾನೆ, ಆಕೆಯೂ ಸಂಕೋಚದಿಂದ ‘ಪರವಾಗಿಲ್ಲ’ ಅನ್ನುತ್ತಾಳೆ, ಟ್ರಿಪ್ ಶೀಟಿನಲ್ಲಿ ಮಾತ್ರ ಅವನ ಹೆಸರು ಕೊನೆಗೆ ಬೀಳುತ್ತದೆ. ಕಾರಿನಲ್ಲಿ ನಾಲ್ವರೂ ಮಹಿಳೆಯರೇ ಆಗಿದ್ದರೆ ಯಾರೋ ಒಬ್ಬಳು ಕೊನೆಯವಳಾಗಲೇಬೇಕು. ಅಲ್ಲಿ ಸೆಕ್ಯುರಿಟಿ ಗಾರ್ಡ್ ಇಲ್ಲದೆ ಈ ನಿಯಮವನ್ನು ಪಾಲಿಸುವುದೇ ಅಸಾಧ್ಯ. ಗಾರ್ಡ್ ಕೂತರೆ ಒಂದು ಸೀಟು ಹೋಯಿತು, ಅವನ ಸಂಬಳ ಬೇರೆ. ಖರ್ಚು ಉಳಿಸುವ ಆಸೆ ಹುಟ್ಟುವುದು ಇಲ್ಲಿಯೇ.

ಈ ಕಳ್ಳಾಟ ಹಿಡಿಯುವುದು ಕಷ್ಟವೇನಲ್ಲ. ಟ್ರಿಪ್ ಶೀಟು, ಜಿಪಿಎಸ್ ದಾಖಲೆ, ಗಾರ್ಡಿನ ಹಾಜರಿ ಪುಸ್ತಕ ಮೂರನ್ನೂ ಒಂದು ವಾರದ ಮಟ್ಟಿಗೆ ಪಕ್ಕಪಕ್ಕ ಇಟ್ಟರೆ ಸಾಕು. ಕೊನೆಯ ಡ್ರಾಪ್ ಜಯನಗರ ಎಂದು ಶೀಟಿನಲ್ಲಿದ್ದು ಕಾರು ಕೊನೆಗೆ ನಿಂತದ್ದು ಕೆಂಗೇರಿಯಲ್ಲಾದರೆ, ಒಬ್ಬನೇ ಗಾರ್ಡ್ ಒಂದೇ ಹೊತ್ತಿನಲ್ಲಿ ಎರಡು ಕಾರುಗಳಲ್ಲಿದ್ದರೆ, ಹೇಳುವುದೇನೂ ಉಳಿಯುವುದಿಲ್ಲ. ಇದನ್ನು ನೋಡುವ ಅಧಿಕಾರ ಇಲಾಖೆಗೆ ಹಿಂದೆಯೂ ಇತ್ತು. ಹೊಸ ಸಂಹಿತೆಯಲ್ಲಿ ಇನ್ಸ್‌ಪೆಕ್ಟರ್ ಸಲಹೆಗಾರನೂ ಆಗಿದ್ದಾನೆ. ಯಾವ ಸಂಸ್ಥೆಗೆ ಹೋಗಬೇಕೆಂಬುದನ್ನೂ ಹೆಚ್ಚಾಗಿ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೇಳುತ್ತದೆ. ರಾತ್ರಿ ವಾಹನದ ತಪಾಸಣೆ ಆ ಚೀಟಿಗೆ ಸಿಗುವ ಸಂಗತಿಯಲ್ಲ.

ಇಷ್ಟೆಲ್ಲ ಕ್ಯಾಬಿನ ಮಾತಾಯಿತು. ಐಟಿಯವರ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮಗಳಿವು ಎಂಬುದು ಗಾರ್ಮೆಂಟ್ಸ್ ಕಡೆ ತಿರುಗಿದರೆ ಗೊತ್ತಾಗುತ್ತದೆ. ರಾಮನಗರ, ಮಂಡ್ಯ ಕಡೆಯ ಹಳ್ಳಿಗಳಿಂದ ಹೆಣ್ಣುಮಕ್ಕಳು ಟೆಂಪೊ, ಬಸ್ಸುಗಳಲ್ಲಿ ಕಾರ್ಖಾನೆಗೆ ಬರುತ್ತಾರೆ. ಆ ವಾಹನಗಳು ನಿಲ್ಲುವುದು ಮುಖ್ಯರಸ್ತೆಯ ಸ್ಟಾಪಿನಲ್ಲಿ. ಅಲ್ಲಿಂದ ಊರೊಳಗೆ, ತೋಟದ ಮನೆಗೆ ಹೋಗುವ ದಾರಿಯಲ್ಲಿ ಬೀದಿದೀಪವೂ ಇರುವುದಿಲ್ಲ. ಮನೆಯಿಂದ ಮನೆಗೆ ಸಾರಿಗೆ ಎಂಬ ತತ್ವವನ್ನು ಕಾರ್ಖಾನೆ ‘ಸ್ಟಾಪಿನಿಂದ ಸ್ಟಾಪಿಗೆ’ ಎಂದು ಓದಿಕೊಂಡರೆ ಕೇಳುವವರಿಲ್ಲ.

ಇಡೀ ರಾತ್ರಿಯ ಪಾಳಿಗಿಂತ ಎರಡನೇ ಪಾಳಿಯೇ ಹೆಚ್ಚು ಅಪಾಯದ್ದು. ಇಡೀ ರಾತ್ರಿ ದುಡಿದವಳು ಬೆಳಿಗ್ಗೆ ಆರಕ್ಕೆ ಹೊರಬಂದಾಗ ಬೆಳಕಿರುತ್ತದೆ, ಹಾಲಿನ ಗಾಡಿ, ಮೊದಲ ಬಸ್ಸು ಓಡಾಡುತ್ತಿರುತ್ತವೆ. ಹತ್ತೂವರೆಗೆ ಬಿಟ್ಟವಳು ಊರ ಸ್ಟಾಪಿನಲ್ಲಿ ಇಳಿಯುವಾಗ ಹನ್ನೆರಡು ದಾಟಿರುತ್ತದೆ. ಎರಡನೇ ಪಾಳಿ ಓಡಿಸುವ ಕಾರ್ಖಾನೆ ಸ್ಟಾಪಿನಿಂದ ಮನೆಗೆ ಆಟೊವನ್ನು ತನ್ನ ಖರ್ಚಿನಲ್ಲಿ ಗೊತ್ತುಮಾಡಬೇಕು. ಆಗುವುದಿಲ್ಲವೆಂದರೆ ಆ ಪಾಳಿಗೆ ಮಹಿಳೆಯರನ್ನು ಹಾಕಬಾರದು. ಮಾಲ್, ಸೀರೆ ಅಂಗಡಿ, ಸೂಪರ್ ಮಾರ್ಕೆಟ್‌ಗಳಿಗೂ ಇದೇ ಮಾತು. ಹತ್ತು ಮತ್ತು ಹೆಚ್ಚು ಜನ ಕೆಲಸಗಾರರಿರುವ ಅಂಗಡಿಗಳು ದಿನವಿಡೀ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಬಂದ ಆದೇಶ, ಪಾಳಿಯ ಮಹಿಳೆಯರಿಗೆ ಸಾರಿಗೆ ಇದೆಯೆಂಬ ಸೂಚನೆಯನ್ನು ಮುಖ್ಯ ಬಾಗಿಲಲ್ಲೇ ಹಾಕಬೇಕೆಂದೂ ಹೇಳಿತ್ತು. ರಾತ್ರಿ ಒಂಬತ್ತಕ್ಕೆ ಬಟ್ಟೆ ಕೊಳ್ಳಲು ಹೋದವರು ಬಾಗಿಲ ಬಳಿ ಒಂದು ಕ್ಷಣ ನಿಂತು ಹುಡುಕಬಹುದು. ರಿಯಾಯಿತಿಯ ಬೋರ್ಡು ಮಾತ್ರ ಖಂಡಿತ ಸಿಗುತ್ತದೆ.

ಒಪ್ಪಿಗೆಯ ಬಗ್ಗೆಯೂ ಒಂದು ಮಾತು. ಕೆಲಸಕ್ಕೆ ಸೇರುವ ದಿನ ಪಿಎಫ್, ಇಎಸ್‌ಐ ಫಾರಮ್ಮುಗಳ ಕಟ್ಟಿನಲ್ಲೇ ಇನ್ನೊಂದು ಕಾಗದವಾಗಿ ರಾತ್ರಿ ಪಾಳಿಯ ಒಪ್ಪಿಗೆ ಪಡೆದರೆ ಅದನ್ನು ಒಪ್ಪಿಗೆ ಎನ್ನಲಾಗದು. ಯಾವ ತಿಂಗಳು, ಯಾವ ಪಾಳಿ, ಯಾವ ವಾಹನ ಎಂಬುದು ಆ ಕಾಗದದಲ್ಲಿರಬೇಕು, ಬೇಡವೆಂದಾಗ ವಾಪಸು ಪಡೆಯುವ ಹಕ್ಕೂ ಇರಬೇಕು.

ಮಾಲೀಕರ ಕಡೆಯಿಂದ ಬರುವ ವಾದ ಒಂದೇ, ಅದು ಹಗುರವಾದುದೂ ಅಲ್ಲ. ಮಹಿಳೆಯರಿಗಷ್ಟೇ ಕಾರು, ಗಾರ್ಡು, ಮೇಲ್ವಿಚಾರಕಿ ಎಂದು ಖರ್ಚು ಹೇರಿದರೆ ನಾವು ಗಂಡಸರನ್ನೇ ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. ಷರತ್ತು ಸಡಿಲಿಸಿ ಎಂಬ ಅವರ ತೀರ್ಮಾನ ಮಾತ್ರ ತಪ್ಪು. ರಾತ್ರಿ ಎಂಟರ ನಂತರ ಪಾಳಿ ಮುಗಿಸುವ ಎಲ್ಲರಿಗೂ, ಗಂಡಸಿರಲಿ ಹೆಂಗಸಿರಲಿ, ಸಾರಿಗೆ ಕಡ್ಡಾಯ ಮಾಡಿದರೆ ಹೆಣ್ಣನ್ನು ನೇಮಿಸುವುದು ದುಬಾರಿ ಎಂಬ ಲೆಕ್ಕವೇ ಬಹುಪಾಲು ಕರಗುತ್ತದೆ. ಬಸ್ಸಿಲ್ಲದ ಹೊತ್ತಿನಲ್ಲಿ ಹೊಸೂರು ರಸ್ತೆಯಲ್ಲಿ ಲಾರಿಗೆ ಕೈ ಅಡ್ಡ ಮಾಡಿ ನಿಲ್ಲುವ ಹುಡುಗನಿಗೂ ಮನೆ ಇದೆ.

ಕಾನೂನಿನ ತಳಪಾಯ ಆಗಲೇ ಇದೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ, ಮಾಲೀಕ ಒದಗಿಸಿದ ವಾಹನವನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಆ ಸ್ಥಳದಲ್ಲಿ ಎದುರಾಗುವ ಹೊರಗಿನವರಿಂದಲೂ ರಕ್ಷಣೆ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹಾಕುತ್ತದೆ. ಗುತ್ತಿಗೆ ಚಾಲಕನ ವಿರುದ್ಧದ ದೂರನ್ನು ವೆಂಡರ್ ಕಡೆ ತಳ್ಳುವ ಕಂಪನಿಗಳಿಗೆ ಇದನ್ನು ನೆನಪಿಸಬೇಕು. ಹೊಸ ಸಂಹಿತೆಯಲ್ಲಿ ಸಾಮಾನ್ಯ ಉಲ್ಲಂಘನೆಗೆ ಎರಡರಿಂದ ಮೂರು ಲಕ್ಷ ರೂಪಾಯಿ ದಂಡ. ನೂರಾರು ಕ್ಯಾಬ್ ಓಡಿಸುವ ಸಂಸ್ಥೆಗೆ ಇದು ಗಾರ್ಡುಗಳ ಒಂದು ತಿಂಗಳ ಸಂಬಳಕ್ಕಿಂತ ಅಗ್ಗ.

ರಾಜ್ಯದ ನಿಯಮಗಳಲ್ಲಿ ಸೇರಬೇಕಾದದ್ದು ಇಷ್ಟು. ಟ್ರಿಪ್ ಶೀಟು, ಜಿಪಿಎಸ್ ದಾಖಲೆಯ ಪ್ರತಿ ಕೇಳಿದ ಕೆಲಸಗಾರ್ತಿಗೆ, ಆಕೆಯ ಸಂಘಕ್ಕೆ ಸಿಗಬೇಕು. ರಾತ್ರಿ ಪಾಳಿಯ ವಿವರವನ್ನು ಹದಿನೈದು ದಿನಕ್ಕೊಮ್ಮೆ ಇನ್ಸ್‌ಪೆಕ್ಟರಿಗೆ ಕಳಿಸಬೇಕೆಂದು ಮದ್ರಾಸ್ ಹೈಕೋರ್ಟ್ ಹಾಕಿದ್ದ ಷರತ್ತು ಹಾಗೆಯೇ ಉಳಿಯಬೇಕು, ಅದರಲ್ಲಿ ವಾಹನದ ಕಾಲಂ ಸೇರಬೇಕು. ಸುಳ್ಳು ಟ್ರಿಪ್ ಶೀಟು ಸಿಕ್ಕಿದ ಸಂಸ್ಥೆಯ ರಾತ್ರಿ ಪಾಳಿಯ ಅನುಮತಿ ಆರು ತಿಂಗಳು ರದ್ದಾಗಬೇಕು, ಆ ಆರು ತಿಂಗಳೂ ಅಲ್ಲಿನ ಮಹಿಳೆಯರಿಗೆ ಹಗಲು ಪಾಳಿಯಲ್ಲಿ ಪೂರ್ತಿ ಸಂಬಳ ಸಿಗಬೇಕು.